ಎಡಿಸಿಗೆ ಮುಂಚೆ ಒಂದು ಫಿಲ್ಟರ್: ಅಲಿಯಾಸಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಮೊದಲಿನಿಂದ ಕೊನೆವರೆಗೂ ಒಂದೇ ಉದಾಹರಣೆ ಹಿಡಿದುಕೊಂಡು ಹೋಗೋಣ. ಒಂದು ಮೋಟಾರ್ ಇದೆ. ನಿಮಿಷಕ್ಕೆ 1470 ಸುತ್ತು, ಅಂದರೆ ಸೆಕೆಂಡಿಗೆ 24.5 ಸುತ್ತು ತಿರುಗುತ್ತದೆ. ಅದರ ಶಾಫ್ಟಿಗೆ 31 ಹಲ್ಲಿನ ಗೇರ್ ಸೇರಿದೆ. ಮೋಟಾರನ್ನು ನಡೆಸುವ ಡ್ರೈವ್ 16 ಕಿಲೋಹರ್ಟ್ಜ್‌ನಲ್ಲಿ ಸ್ವಿಚ್ ಮಾಡುತ್ತದೆ. ಮೋಟಾರಿನ ಮೈಮೇಲೆ ಅನಲಾಗ್ ಔಟ್‌ಪುಟ್ ಇರುವ ಒಂದು ಆಕ್ಸಲರೋಮೀಟರ್ ಅಂಟಿಸಿದ್ದೇವೆ. ಅದರ ವೋಲ್ಟೇಜನ್ನು ಮೈಕ್ರೋಕಂಟ್ರೋಲರಿನ 12 ಬಿಟ್ ಎಡಿಸಿ ಓದಿ ಸಂಖ್ಯೆಯಾಗಿ ಬದಲಿಸುತ್ತದೆ. ರೆಫರೆನ್ಸ್ 3.3 ವೋಲ್ಟ್. ನಮಗೆ ಬೇಕಾಗಿರುವುದು 100 ಹರ್ಟ್ಜ್‌ವರೆಗಿನ ಕಂಪನ ಮಾತ್ರ. ಅಸಮತೋಲ, ಶಾಫ್ಟ್ ಜೋಡಣೆಯ ತಪ್ಪು, ಇಂಥವು ಕಾಣುವುದು ಅಲ್ಲೇ.

## ನನಗೆ 100 ಹರ್ಟ್ಜ್ ಸಾಕು. ಎರಡು ಪಟ್ಟಿಗಿಂತ ಜಾಸ್ತಿ ಅಂತ 250 ಹರ್ಟ್ಜ್‌ನಲ್ಲಿ ಸ್ಯಾಂಪಲ್ ಮಾಡಿದೆ. ಆದರೂ 9.5 ಹರ್ಟ್ಜ್‌ನಲ್ಲಿ ಏನೋ ಕಾಣುತ್ತಿದೆ. ಅದೇನು?

ಆ 9.5 ಹರ್ಟ್ಜ್ ಮೋಟಾರಿನಲ್ಲಿ ಇಲ್ಲ. ಅದು ಗೇರಿನ ಹಲ್ಲುಗಳ ಸದ್ದು, ವೇಷ ಬದಲಿಸಿಕೊಂಡು ಬಂದಿದೆ.

ಲೆಕ್ಕ ನೋಡಿ. ಗೇರಿನ ಹಲ್ಲುಗಳು ಒಂದಕ್ಕೊಂದು ತಾಗುವ ಆವರ್ತನ 31 × 24.5, ಅಂದರೆ 759.5 ಹರ್ಟ್ಜ್. ನೀವು ಸ್ಯಾಂಪಲ್ ತೆಗೆಯುವುದು 4 ಮಿಲಿಸೆಕೆಂಡಿಗೆ ಒಂದು. ಆ 4 ಮಿಲಿಸೆಕೆಂಡಿನಲ್ಲಿ 759.5 ಹರ್ಟ್ಜ್ ಅಲೆ 3.038 ಸುತ್ತು ಮುಗಿಸುತ್ತದೆ. ಮೂರು ಪೂರ್ತಿ ಸುತ್ತು ಮುಗಿದರೆ ಅಲೆ ಹೊರಟ ಜಾಗಕ್ಕೇ ಬಂದು ನಿಂತಿರುತ್ತದೆ. ಆ ಮೂರು ಸುತ್ತು ಎಡಿಸಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಕಾಣುವುದು ಉಳಿದ 0.038 ಸುತ್ತು ಮಾತ್ರ. 4 ಮಿಲಿಸೆಕೆಂಡಿಗೆ 0.038 ಸುತ್ತು ಅಂದರೆ ಸೆಕೆಂಡಿಗೆ 9.5 ಸುತ್ತು. ನಿಮ್ಮ ಗ್ರಾಫಿನಲ್ಲಿ ಎದ್ದು ನಿಂತಿರುವುದು ಇದೇ.

ಹೀಗೆ ಎತ್ತರದ ಆವರ್ತನವೊಂದು ಕೆಳಗಿನ ಆವರ್ತನದ ಹೆಸರಲ್ಲಿ ಬಂದು ಕೂರುವುದಕ್ಕೆ ಅಲಿಯಾಸಿಂಗ್ ಅನ್ನುತ್ತಾರೆ. ಎಡಿಸಿ ತಪ್ಪು ಓದಿದೆ ಅಂತ ಅಲ್ಲ. ಪ್ರತಿ ಸ್ಯಾಂಪಲ್ಲೂ ಆ ಕ್ಷಣದ ವೋಲ್ಟೇಜನ್ನು ಸರಿಯಾಗಿಯೇ ಹೇಳುತ್ತದೆ. ಸ್ಯಾಂಪಲ್‌ಗಳ ನಡುವೆ ಏನಾಯಿತು ಅನ್ನುವುದು ಅದರಲ್ಲಿ ಇಲ್ಲ, ಅಷ್ಟೇ.

## ಹಾಗಾದರೆ ಎರಡು ಪಟ್ಟು ಅನ್ನುವ ನಿಯಮ ಸುಳ್ಳಾ?

ಸುಳ್ಳಲ್ಲ. ಆದರೆ ಅದನ್ನು ಹೇಳುವಾಗ ಒಂದು ಮಾತು ಬಿಟ್ಟುಹೋಗುತ್ತದೆ. ಸ್ಯಾಂಪ್ಲಿಂಗ್ ದರ ಎರಡು ಪಟ್ಟಿಗಿಂತ ಜಾಸ್ತಿ ಇರಬೇಕಾದದ್ದು ನಿಮಗೆ *ಬೇಕಾದ* ಆವರ್ತನಕ್ಕಲ್ಲ, ಎಡಿಸಿಯ ಪಿನ್ನಿಗೆ *ಬಂದು ಮುಟ್ಟುವ* ಅತಿ ಎತ್ತರದ ಆವರ್ತನಕ್ಕೆ. ನಿಮಗೆ 100 ಹರ್ಟ್ಜ್ ಸಾಕು ಅನ್ನುವುದು ತಂತಿಗೆ ಗೊತ್ತಿಲ್ಲ. ಅದು 759.5 ಹರ್ಟ್ಜನ್ನೂ ತರುತ್ತದೆ, ಡ್ರೈವಿನ 16 ಕಿಲೋಹರ್ಟ್ಜನ್ನೂ ತರುತ್ತದೆ.

ಇನ್ನೊಂದು ವಿಷಯ. ಸರಿಯಾಗಿ ಎರಡು ಪಟ್ಟು ಇದ್ದರೂ ಸಾಲದು. 125 ಹರ್ಟ್ಜ್ ಸೈನ್ ಅಲೆಯನ್ನು 250 ಹರ್ಟ್ಜ್‌ನಲ್ಲಿ ಸ್ಯಾಂಪಲ್ ಮಾಡಿದರೆ ಒಂದು ಸುತ್ತಿಗೆ ಎರಡೇ ಬಿಂದು ಸಿಗುತ್ತವೆ. ಆ ಎರಡೂ ಅಲೆ ಸೊನ್ನೆ ದಾಟುವ ಜಾಗದಲ್ಲಿ ಬಿದ್ದರೆ ನಿಮಗೆ ಸಿಗುವುದು ಸೊನ್ನೆಗಳ ಸಾಲು. ಅಲೆ ಇದ್ದೂ ಇಲ್ಲದ ಹಾಗೆ.

ಸ್ಯಾಂಪ್ಲಿಂಗ್ ದರದ ಅರ್ಧವನ್ನು ನೈಕ್ವಿಸ್ಟ್ ಆವರ್ತನ ಅನ್ನುತ್ತಾರೆ. 250 ಹರ್ಟ್ಜ್‌ಗೆ ಅದು 125. ಅದರ ಮೇಲಿರುವುದೆಲ್ಲ ಕಾಗದ ಮಡಚಿದ ಹಾಗೆ ಮಡಚಿಕೊಂಡು 0 ಮತ್ತು 125ರ ನಡುವೆ ಬಂದು ಬೀಳುತ್ತದೆ.

## ಯಾವ ಆವರ್ತನ ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳಬಹುದಾ?

ಹೇಳಬಹುದು. ಆ ಆವರ್ತನಕ್ಕೆ ಅತಿ ಹತ್ತಿರ ಇರುವ ಸ್ಯಾಂಪ್ಲಿಂಗ್ ದರದ ಗುಣಕವನ್ನು ಹುಡುಕಿ. ಅದರಿಂದ ಎಷ್ಟು ದೂರ ಇದೆಯೋ ಅಲ್ಲಿ ಬೀಳುತ್ತದೆ. ಪೈಥಾನ್‌ನಲ್ಲಿ ಎರಡೇ ಸಾಲು:

```python
def alias(f, fs):
    return abs(f - fs * round(f / fs))

print(alias(759.5, 250))     # 9.5
print(alias(759.5, 260))     # 20.5
print(alias(16000, 8000))    # 0
print(alias(16000, 10000))   # 4000
```

ಸ್ಯಾಂಪ್ಲಿಂಗ್ ದರ ನಿರ್ಧರಿಸುವ ಮುಂಚೆ ನಿಮ್ಮ ಯಂತ್ರದಲ್ಲಿ ಇರುವ ಎಲ್ಲ ಆವರ್ತನಗಳನ್ನೂ ಒಮ್ಮೆ ಇದರಲ್ಲಿ ಹಾಕಿ ನೋಡಿ. ಗೇರಿನ ಹಲ್ಲು, ಫ್ಯಾನಿನ ರೆಕ್ಕೆ, ಡ್ರೈವಿನ ಸ್ವಿಚಿಂಗ್, ಪವರ್ ಸಪ್ಲೈನ ಸ್ವಿಚಿಂಗ್, ಇವುಗಳ ಎರಡನೇ ಮೂರನೇ ಹಾರ್ಮೋನಿಕ್, ಎಲ್ಲ. ಐದು ನಿಮಿಷದ ಕೆಲಸ ಇದು. ಆಮೇಲೆ ಬೋರ್ಡ್ ಬದಲಿಸುವ ಕೆಲಸ ಎಷ್ಟೋ ಸಲ ಇದರಿಂದಲೇ ತಪ್ಪುತ್ತದೆ.

ಮೇಲಿನ ಮೂರನೇ ಸಾಲನ್ನು ಸ್ವಲ್ಪ ನಿಧಾನವಾಗಿ ನೋಡಿ. 8 ಕಿಲೋಹರ್ಟ್ಜ್‌ನಲ್ಲಿ ಸ್ಯಾಂಪಲ್ ಮಾಡಿದರೆ ಡ್ರೈವಿನ 16 ಕಿಲೋಹರ್ಟ್ಜ್ ನೇರ ಸೊನ್ನೆಗೆ ಬಂದು ಬೀಳುತ್ತದೆ. ಡ್ರೈವಿನ ಕ್ಲಾಕೇ ಬೇರೆ, ನಿಮ್ಮ ಬೋರ್ಡಿನ ಕ್ಲಾಕೇ ಬೇರೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಸಾಕು, 0.8 ಹರ್ಟ್ಜ್‌ನಲ್ಲಿ ನಿಧಾನವಾಗಿ ಏರಿ ಇಳಿಯುವ ಒಂದು ಅಲೆ ಕಾಣುತ್ತದೆ. ನೋಡಿದವರು ಸೆನ್ಸರ್ ಬಿಸಿಯಾಗಿ ಡ್ರಿಫ್ಟ್ ಆಗುತ್ತಿದೆ ಅಂದುಕೊಂಡು ದಿನಗಟ್ಟಲೆ ಉಷ್ಣತೆ ಅಳೆಯುತ್ತಾರೆ.

## ಸ್ಯಾಂಪಲ್ ತೆಗೆದಾಗಿದೆ. ಈಗ ಸಾಫ್ಟ್‌ವೇರಿನಲ್ಲಿ ಆ 9.5 ಹರ್ಟ್ಜ್ ತೆಗೆದುಹಾಕಬಹುದಲ್ವಾ?

ಆಗುವುದಿಲ್ಲ. 250 ಹರ್ಟ್ಜ್‌ನಲ್ಲಿ ತೆಗೆದ 759.5 ಹರ್ಟ್ಜ್ ಅಲೆಯ ಸ್ಯಾಂಪಲ್‌ಗಳೂ ನಿಜವಾದ 9.5 ಹರ್ಟ್ಜ್ ಅಲೆಯ ಸ್ಯಾಂಪಲ್‌ಗಳೂ ಹತ್ತಿರ ಹತ್ತಿರ ಅಂತಲ್ಲ, ಒಂದೇ ಸಂಖ್ಯೆಗಳು. ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಯಾರೂ ಹೇಳಲಾರರು. 9.5 ಹರ್ಟ್ಜ್‌ಗೆ ನಾಚ್ ಫಿಲ್ಟರ್ ಹಾಕಿದರೆ ಸುಳ್ಳು ಅಲೆ ಹೋಗುತ್ತದೆ ನಿಜ. ಆದರೆ ಬೇರಿಂಗ್ ಕೇಜ್ ತಿರುಗುವ ಆವರ್ತನ ಸಾಮಾನ್ಯವಾಗಿ ಶಾಫ್ಟ್ ವೇಗದ 0.4 ಪಟ್ಟಿನ ಆಸುಪಾಸು ಇರುತ್ತದೆ. ನಮ್ಮ ಮೋಟಾರಿಗೆ ಅದು 9.8 ಹರ್ಟ್ಜ್ ಹತ್ತಿರ. ನಾಚ್ ಹಾಕಿದರೆ ಆ ನಿಜವಾದ ಸುಳಿವೂ ಅದರ ಜೊತೆಗೇ ಹೋಯಿತು. ಅದೂ ಅಲ್ಲದೆ ಮೋಟಾರಿನ ವೇಗ ಸ್ವಲ್ಪ ಬದಲಾದರೆ ಸುಳ್ಳು ಅಲೆ ಬೇರೆ ಜಾಗಕ್ಕೆ ಹೋಗಿ ಕೂರುತ್ತದೆ. ಎಷ್ಟು ಕಡೆ ನಾಚ್ ಹಾಕುತ್ತೀರಿ?

ತೆಗೆಯುವುದಾದರೆ ಎಡಿಸಿಗೆ ಮುಂಚೆ, ಅದು ಇನ್ನೂ ವೋಲ್ಟೇಜ್ ಆಗಿರುವಾಗಲೇ ತೆಗೆಯಬೇಕು. ಇಲ್ಲವೇ ಅದು ಅಲಿಯಾಸ್ ಆಗದಷ್ಟು ವೇಗವಾಗಿ ಸ್ಯಾಂಪಲ್ ಮಾಡಿ, ಆಮೇಲೆ ಡಿಜಿಟಲ್ ಆಗಿ ತೆಗೆಯಬೇಕು. ಒಳ್ಳೆಯ ವಿನ್ಯಾಸದಲ್ಲಿ ಎರಡೂ ಇರುತ್ತವೆ.

## ನನಗೆ ಕಾಣುತ್ತಿರುವುದು ನಿಜವೋ ಅಲಿಯಾಸೋ ಅಂತ ಪತ್ತೆ ಮಾಡುವುದು ಹೇಗೆ?

ಅತ್ಯಂತ ನಂಬಿಕೆಯ ಪರೀಕ್ಷೆ ಅಂದರೆ ಸ್ಯಾಂಪ್ಲಿಂಗ್ ದರವನ್ನು ಸ್ವಲ್ಪ ಬದಲಿಸುವುದು. 250 ಇದ್ದದ್ದನ್ನು 260 ಮಾಡಿ. ಶಾಫ್ಟಿನ 24.5 ಹರ್ಟ್ಜ್ ಶಿಖರ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಅದು ನಿಜ. 9.5ರಲ್ಲಿ ಇದ್ದದ್ದು ಮಾತ್ರ 20.5ಕ್ಕೆ ಹಾರುತ್ತದೆ. ನಿಜವಾದ ಕಂಪನಕ್ಕೆ ನೀವು ಎಷ್ಟು ಸಲ ಅಳೆಯುತ್ತೀರಿ ಅನ್ನುವುದು ಗೊತ್ತಿರುವುದಿಲ್ಲ. ಅಳೆಯುವ ದರ ಬದಲಾದಾಗ ಜಾಗ ಬದಲಿಸಿದರೆ ಅದು ಅಳತೆಯಿಂದಲೇ ಹುಟ್ಟಿದ್ದು. ಹೀಗೆ ಮಾಡುವಾಗ ಗ್ರಾಫಿನ ಆವರ್ತನ ಅಕ್ಷಕ್ಕೂ ಹೊಸ ದರ ಕೊಡಲು ಮರೆಯಬೇಡಿ. ಮರೆತರೆ ನಿಜವಾದ ಶಿಖರಗಳೂ ಜರುಗಿದ ಹಾಗೆ ಕಾಣುತ್ತವೆ.

ದರ ಬದಲಿಸಲು ಆಗದಿದ್ದರೆ ಮೋಟಾರಿನ ವೇಗ ಬದಲಿಸಿ ನೋಡಿ. ವೇಗ 24.5ರಿಂದ 24.6ಕ್ಕೆ ಏರಿದರೆ ಶಾಫ್ಟ್ ಶಿಖರ ಬರೀ 0.1 ಹರ್ಟ್ಜ್ ಜರುಗುತ್ತದೆ. ಗೇರಿನದು 762.6 ಆಗಿ, ಅಲಿಯಾಸ್ 12.6ಕ್ಕೆ ಓಡುತ್ತದೆ. 0.1ಕ್ಕೆ 3.1 ಹರ್ಟ್ಜ್ ಜಿಗಿತ. ಕೆಳಗಿನ ಆವರ್ತನದ ಯಾವ ನಿಜವಾದ ಕಂಪನವೂ ಹೀಗೆ ಓಡುವುದಿಲ್ಲ.

ವೇಗ ಇಳಿಸುತ್ತಾ ಹೋದರೆ ಇನ್ನೂ ಸ್ಪಷ್ಟ. ಸುಳ್ಳು ಶಿಖರ ಸೊನ್ನೆಯ ಕಡೆ ಇಳಿಯುತ್ತದೆ, 24.2ರ ಹತ್ತಿರ ಸೊನ್ನೆಯನ್ನೇ ಮುಟ್ಟುತ್ತದೆ, ಆಮೇಲೆ ಮತ್ತೆ *ಮೇಲೆ* ಹತ್ತಲು ಶುರು ಮಾಡುತ್ತದೆ. 24.0ಕ್ಕೆ ಬಂದಾಗ ಗೇರಿನದು 744, ಅಲಿಯಾಸ್ 6 ಹರ್ಟ್ಜ್. ವೇಗ ಕಮ್ಮಿಯಾಗುತ್ತಿರುವಾಗ ಆವರ್ತನ ಏರುತ್ತಿದ್ದರೆ ಇನ್ನು ಅನುಮಾನವೇ ಬೇಡ.

ಆಸಿಲೋಸ್ಕೋಪಿನಲ್ಲಿ ಎಡಿಸಿ ಪಿನ್ನನ್ನು ನೇರವಾಗಿ ನೋಡುವುದೂ ಒಳ್ಳೆಯದೇ. ಒಂದೇ ಎಚ್ಚರಿಕೆ, ಡಿಜಿಟಲ್ ಸ್ಕೋಪ್ ಕೂಡ ಸ್ಯಾಂಪಲ್ ಮಾಡುವ ಯಂತ್ರವೇ. ಟೈಮ್‌ಬೇಸನ್ನು ಬಹಳ ನಿಧಾನಕ್ಕೆ ಇಟ್ಟರೆ ಅದರ ಸ್ಯಾಂಪ್ಲಿಂಗ್ ದರವೂ ಇಳಿಯುತ್ತದೆ, ಅದರ ಪರದೆಯಲ್ಲೂ ಅಲಿಯಾಸ್ ಕಾಣಬಹುದು. ವೇಗದ ಟೈಮ್‌ಬೇಸಿನಿಂದ ಶುರು ಮಾಡಿ ನಿಧಾನಕ್ಕೆ ಬನ್ನಿ.

## ಸರಿ, 250 ಹರ್ಟ್ಜನ್ನೇ ಇಟ್ಟುಕೊಂಡು ಒಂದು ಆರ್‌ಸಿ ಫಿಲ್ಟರ್ ಹಾಕಿದರೆ ಆಗಲ್ವಾ?

ಹಾಕಿ ನೋಡೋಣ. ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಸೇರಿದ ಆರ್‌ಸಿ ಫಿಲ್ಟರಿನ ಕಟಾಫ್ 200 ಹರ್ಟ್ಜ್ ಇರಲಿ. ನಮಗೆ ಬೇಕಾದ 100 ಹರ್ಟ್ಜ್ ಆಗಲೇ ಸುಮಾರು 10 ಶೇಕಡ ಕುಗ್ಗಿತು. ಬೇಡವಾದ 759.5 ಹರ್ಟ್ಜ್ ಎಷ್ಟು ಕುಗ್ಗಿತು? ಸುಮಾರು ನಾಲ್ಕು ಪಟ್ಟು. ಗೇರಿನ ಸದ್ದು ಸೆನ್ಸರ್ ಔಟ್‌ಪುಟ್‌ನಲ್ಲಿ 40 ಮಿಲಿವೋಲ್ಟ್ ಇತ್ತು ಅಂತಿಟ್ಟುಕೊಳ್ಳಿ. ಇನ್ನೂ 10 ಮಿಲಿವೋಲ್ಟ್ ಉಳಿದಿದೆ. ನಮ್ಮ ಎಡಿಸಿಯ ಒಂದು ಹೆಜ್ಜೆ 3.3 ವೋಲ್ಟನ್ನು 4096ರಿಂದ ಭಾಗಿಸಿದರೆ ಬರುವ 0.8 ಮಿಲಿವೋಲ್ಟ್. ಅಂದರೆ ಸುಳ್ಳು ಅಲೆ ಹನ್ನೆರಡು ಹೆಜ್ಜೆ ಎತ್ತರಕ್ಕೆ ಇನ್ನೂ ನಿಂತಿದೆ.

ಅದು ಅರ್ಧ ಹೆಜ್ಜೆಗಿಂತ ಕೆಳಗೆ, 0.4 ಮಿಲಿವೋಲ್ಟಿಗೆ ಇಳಿಯಬೇಕು ಅಂದರೆ 100 ಪಟ್ಟು ಕುಗ್ಗಿಸಬೇಕು. ಡೆಸಿಬೆಲ್‌ನಲ್ಲಿ 40. ಗೇರ್ ಒಂದೇ ಶತ್ರು ಅಂತ ಖಚಿತವಾಗಿ ಗೊತ್ತಿದ್ದರೆ ಮೂರನೇ ದರ್ಜೆಯ ಬಟರ್‌ವರ್ತ್ ಫಿಲ್ಟರ್ ಸಾಕಾಗುತ್ತದೆ. ಆದರೆ 250ರ ದರದಲ್ಲಿ 150 ಹರ್ಟ್ಜ್‌ನಲ್ಲಿ ಏನಾದರೂ ಇದ್ದರೂ ಅದು 100ಕ್ಕೆ ಬಂದು ಬೀಳುತ್ತದೆ. 100ನ್ನು ಬಿಟ್ಟು 150ನ್ನು 100 ಪಟ್ಟು ಕುಗ್ಗಿಸುವ ಬಟರ್‌ವರ್ತ್ ಬೇಕು ಅಂದರೆ ಹನ್ನೆರಡನೇ ದರ್ಜೆ. ಆರು ಆಪ್-ಆಂಪ್, ಜೊತೆಗೆ ನಿಖರವಾದ ರೆಸಿಸ್ಟರ್, ಕೆಪ್ಯಾಸಿಟರ್‌ಗಳ ಸಾಲು. ಯಾರಿಗೂ ಬೇಡ ಆ ಕಷ್ಟ.

ಆರ್‌ಸಿ ಫಿಲ್ಟರಿನಲ್ಲಿ ತಪ್ಪೇನಿಲ್ಲ. ಅದು ನಿಧಾನವಾಗಿ ಇಳಿಯುವ ಇಳಿಜಾರು, ಆವರ್ತನ ಹತ್ತು ಪಟ್ಟಾದಾಗ ಹತ್ತು ಪಟ್ಟು ಕುಗ್ಗಿಸುತ್ತದೆ. ಅದಕ್ಕೆ ಇಳಿಯಲು ಜಾಗ ಬೇಕು. ಆ ಜಾಗವನ್ನು ಸ್ಯಾಂಪ್ಲಿಂಗ್ ದರ ಏರಿಸಿ ನಾವೇ ಕೊಡಬೇಕು. ಸ್ಯಾಂಪಲ್‌ಗಳು ಈಗ ಅಗ್ಗ, ಫಿಲ್ಟರಿನ ದರ್ಜೆ ಇವತ್ತಿಗೂ ತುಟ್ಟಿ. ಆದ್ದರಿಂದ ನನ್ನ ಆಯ್ಕೆ ಯಾವಾಗಲೂ ಜಾಸ್ತಿ ದರ, ಸರಳ ಫಿಲ್ಟರ್.

## ಎಷ್ಟು ದರ ಇಟ್ಟುಕೊಳ್ಳಲಿ?

ನಮ್ಮ ಉದಾಹರಣೆಗೆ 10 ಕಿಲೋಹರ್ಟ್ಜ್. ಅದಕ್ಕೆ ಬಂದ ದಾರಿ ಹೀಗೆ.

ದರ fs ಅಂತಿರಲಿ. 0ರಿಂದ 100 ಹರ್ಟ್ಜ್ ಒಳಗೆ ಬಂದು ಬೀಳಬಲ್ಲ ಅತಿ ಕೆಳಗಿನ ಆವರ್ತನ fs − 100. ಅದಕ್ಕಿಂತ ಕೆಳಗಿರುವುದು ಏನೇ ಇದ್ದರೂ ನಮಗೆ ಬೇಕಾದ ಆವರ್ತನಗಳಿಗೆ ತೊಂದರೆ ಕೊಡುವುದಿಲ್ಲ, ಆಮೇಲೆ ಡಿಜಿಟಲ್ ಫಿಲ್ಟರಿನಲ್ಲಿ ತೆಗೆಯಬಹುದು. ದರ 10 ಕಿಲೋಹರ್ಟ್ಜ್ ಆದಾಗ ಈ ಗಡಿ 9.9 ಕಿಲೋಹರ್ಟ್ಜ್. ಗೇರಿನ 759.5 ಹರ್ಟ್ಜ್ ತನ್ನ ಸ್ವಂತ ಜಾಗದಲ್ಲೇ, 759.5ರಲ್ಲೇ ಕಾಣುತ್ತದೆ. ಆರ್‌ಸಿಗೆ ಈಗ 100ರಿಂದ 9900ವರೆಗೆ ಇಳಿಯಲು ಜಾಗ ಇದೆ.

ಬೇಕಾದ ಆವರ್ತನದ ಹತ್ತು ಪಟ್ಟು ಇಟ್ಟರೆ ಸಾಕು ಅಂತ ಹಲವರು ಹೇಳುತ್ತಾರೆ. ಇಲ್ಲಿ ಅದು 1 ಕಿಲೋಹರ್ಟ್ಜ್ ಆಗುತ್ತದೆ. ಮೋಟಾರ್ 24.5ರಲ್ಲೇ ತಿರುಗುತ್ತಿದ್ದರೆ ಗೇರಿನ ಮಟ್ಟಿಗೆ ತೊಂದರೆ ಇಲ್ಲ. ಆದರೆ ಡ್ರೈವ್ ಇರುವ ಮೋಟಾರಿನ ವೇಗ ಬದಲಾಗುತ್ತದೆ. ನಿಂತಲ್ಲಿಂದ ಪೂರ್ತಿ ವೇಗಕ್ಕೆ ಹೋಗುವಾಗ ಗೇರಿನ ಎರಡನೇ ಹಾರ್ಮೋನಿಕ್ 1 ಕಿಲೋಹರ್ಟ್ಜನ್ನು ದಾಟಿ ಹೋಗುತ್ತದೆ. ಆ ಹೊತ್ತಿನಲ್ಲಿ 100 ಹರ್ಟ್ಜ್‌ನಿಂದ ಸೊನ್ನೆಗೆ ಇಳಿದು ಮತ್ತೆ 100ಕ್ಕೆ ಏರುವ ಒಂದು ಭೂತ ನಿಮ್ಮ ಗ್ರಾಫಿನಲ್ಲಿ ಓಡಾಡುತ್ತದೆ. 16 ಕಿಲೋಹರ್ಟ್ಜ್ ಕೂಡ 1 ಕಿಲೋಹರ್ಟ್ಜ್‌ನ ಗುಣಕವೇ, ನೇರ ಸೊನ್ನೆಗೆ ಬೀಳುತ್ತದೆ. ಹಾಗಾಗಿ ಪಟ್ಟು ಲೆಕ್ಕಕ್ಕಿಂತ ನಿಮ್ಮ ಯಂತ್ರದಲ್ಲಿ ಏನೇನಿದೆ ಅನ್ನುವ ಪಟ್ಟಿ ಮುಖ್ಯ.

ಹಾಗಾದರೆ 8 ಯಾಕೆ ಬೇಡ, 10 ಯಾಕೆ? ಡ್ರೈವಿನಿಂದಾಗಿ. 8ರಲ್ಲಿ 16 ಸೊನ್ನೆಗೆ ಬೀಳುವುದನ್ನು ಆಗಲೇ ನೋಡಿದೆವು. 10ರಲ್ಲಿ ಅದು 4 ಕಿಲೋಹರ್ಟ್ಜ್‌ಗೆ ಹೋಗುತ್ತದೆ, ನಮ್ಮ 100 ಹರ್ಟ್ಜ್‌ನಿಂದ ಬಹಳ ದೂರ. ಅದರ ಎರಡನೇ ಮತ್ತು ಮೂರನೇ ಹಾರ್ಮೋನಿಕ್ 2 ಕಿಲೋಹರ್ಟ್ಜ್‌ಗೆ ಬೀಳುತ್ತವೆ. ಐದನೆಯದು, 80 ಕಿಲೋಹರ್ಟ್ಜ್, ಸೊನ್ನೆಗೆ ಬರುತ್ತದೆ. ಅಷ್ಟು ಎತ್ತರದಲ್ಲಿ ಆರ್‌ಸಿ ಅದನ್ನು ಚೆನ್ನಾಗಿ ತಗ್ಗಿಸುತ್ತದೆ, ಮುಂದೆ ಲೆಕ್ಕ ಬರುತ್ತದೆ.

10 ಕಿಲೋಹರ್ಟ್ಜ್ ಅಂದರೆ ಸ್ಯಾಂಪಲ್ಲಿಗೆ 100 ಮೈಕ್ರೋಸೆಕೆಂಡ್. ಎರಡು ಬೈಟಿನಂತೆ ಸೆಕೆಂಡಿಗೆ 20,000 ಬೈಟ್. ಟೈಮರ್ ಮತ್ತು ಡಿಎಂಎ ಇರುವ ಸಾಧಾರಣ ಮೈಕ್ರೋಕಂಟ್ರೋಲರಿಗೆ ಇದು ಭಾರವಲ್ಲ.

## ಆರ್ ಮತ್ತು ಸಿ ಬೆಲೆ ಹೇಗೆ ಆರಿಸುವುದು?

ಕಟಾಫ್ ಸೂತ್ರ:

```
fc = 1 / (2π R C)
```

ಕಟಾಫನ್ನು 100 ಹರ್ಟ್ಜ್‌ನಲ್ಲೇ ಇಡಬೇಡಿ. ಕಟಾಫ್ ಅಂದರೆ ಸಿಗ್ನಲ್ ಆಗಲೇ 30 ಶೇಕಡ ಕುಗ್ಗಿರುವ ಜಾಗ. ಬೇಕಾದ ಆವರ್ತನದ ಐದು ಪಟ್ಟು ಮೇಲೆ, 500 ಹರ್ಟ್ಜ್ ಹತ್ತಿರ ಇಟ್ಟರೆ 100ರಲ್ಲಿ ನಷ್ಟ 2 ಶೇಕಡ ಮಾತ್ರ.

ಸಿ 100 ನ್ಯಾನೊಫ್ಯಾರಡ್ ಅಂತ ಮೊದಲು ಹಿಡಿಯಿರಿ. ಆರ್ 3.3 ಕಿಲೋಓಮ್ ಆದರೆ ಕಟಾಫ್ 482 ಹರ್ಟ್ಜ್. ಸರಿಯಾಯಿತು.

ಈಗ ಇದು ಏನು ಮಾಡುತ್ತದೆ ನೋಡೋಣ. 9.9 ಕಿಲೋಹರ್ಟ್ಜ್‌ನಲ್ಲಿ ಸುಮಾರು 20 ಪಟ್ಟು ಕುಗ್ಗಿಸುತ್ತದೆ. ಡ್ರೈವಿನ 16 ಕಿಲೋಹರ್ಟ್ಜ್ ತಂತಿಯಲ್ಲಿ 50 ಮಿಲಿವೋಲ್ಟ್ ನುಸುಳಿದೆ ಅಂದುಕೊಳ್ಳಿ. ಅದು 33 ಪಟ್ಟು ಕುಗ್ಗಿ 1.5 ಮಿಲಿವೋಲ್ಟ್ ಆಗುತ್ತದೆ, 4 ಕಿಲೋಹರ್ಟ್ಜ್‌ನಲ್ಲಿ ಕೂರುತ್ತದೆ, ಆಮೇಲೆ ಡಿಜಿಟಲ್ ಫಿಲ್ಟರ್ ಅದನ್ನು ಒರೆಸಿಹಾಕುತ್ತದೆ. 80 ಕಿಲೋಹರ್ಟ್ಜ್ ಹಾರ್ಮೋನಿಕ್ 10 ಮಿಲಿವೋಲ್ಟ್ ಇದ್ದರೆ 166 ಪಟ್ಟು ಕುಗ್ಗಿ 0.06 ಮಿಲಿವೋಲ್ಟ್. ಎಡಿಸಿಯ ಒಂದು ಹೆಜ್ಜೆಯ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. 8 ಕಿಲೋಹರ್ಟ್ಜ್ ದರ ಇಟ್ಟಿದ್ದರೆ ಆ 1.5 ಮಿಲಿವೋಲ್ಟೇ ಸೊನ್ನೆಯ ಹತ್ತಿರ ಎರಡು ಹೆಜ್ಜೆಯಷ್ಟು ತೂಗಾಡುತ್ತಿತ್ತು.

ಆರ್ ಹೆಚ್ಚಿಸಿ ಸಿ ಕಮ್ಮಿ ಮಾಡಿದರೂ ಕಟಾಫ್ ಅದೇ ಬರುತ್ತದೆ, ಆದರೆ ಎಡಿಸಿಗೆ ಹಿಡಿಸುವುದಿಲ್ಲ. ಮೈಕ್ರೋಕಂಟ್ರೋಲರಿನ ಎಡಿಸಿ ಒಳಗೆ ಒಂದು ಪುಟ್ಟ ಕೆಪ್ಯಾಸಿಟರ್ ಇದೆ, ಸಾಮಾನ್ಯವಾಗಿ ಕೆಲವು ಪಿಕೊಫ್ಯಾರಡ್. ಪ್ರತಿ ಸ್ಯಾಂಪಲ್ಲಿಗೂ ಅದು ನಿಮ್ಮ ಪಿನ್ನಿನಿಂದ ಒಂದು ಗುಟುಕು ಚಾರ್ಜ್ ಎಳೆದುಕೊಳ್ಳುತ್ತದೆ. ಹೊರಗಿನ 100 ನ್ಯಾನೊ, ಒಳಗಿನ 10 ಪಿಕೊಗಿಂತ ಹತ್ತು ಸಾವಿರ ಪಟ್ಟು ದೊಡ್ಡದು. ಆ ಗುಟುಕಿನಿಂದ ವೋಲ್ಟೇಜ್ ಇಳಿಯುವುದು ಅಬ್ಬಬ್ಬಾ ಅಂದರೆ ಹತ್ತು ಸಾವಿರಕ್ಕೆ ಒಂದು ಭಾಗ, 12 ಬಿಟ್‌ನ ಒಂದು ಹೆಜ್ಜೆಗಿಂತ ಕಮ್ಮಿ. ಸಿ 1 ನ್ಯಾನೊ, ಆರ್ 330 ಕಿಲೋಓಮ್ ಮಾಡಿದರೆ ಪ್ರತಿ ಗುಟುಕಿಗೂ ವೋಲ್ಟೇಜ್ ಕುಸಿಯುತ್ತದೆ, ಮತ್ತೆ ತುಂಬಿಕೊಳ್ಳಲು 100 ಮೈಕ್ರೋಸೆಕೆಂಡ್ ಸಾಲುವುದಿಲ್ಲ. ಓದು ತಪ್ಪಾಗಿ ಬರುತ್ತದೆ. ಹಲವು ಚಾನೆಲ್ ಒಂದಾದ ಮೇಲೊಂದು ಓದುತ್ತಿದ್ದರೆ ಪಕ್ಕದ ಚಾನೆಲಿನ ನೆರಳೂ ಬೀಳುತ್ತದೆ.

ಕೆಪ್ಯಾಸಿಟರ್ ಸಾಧ್ಯವಾದರೆ C0G ಅಥವಾ ಫಿಲ್ಮ್ ಇರಲಿ, ಇಲ್ಲದಿದ್ದರೆ X7R. Y5V ಬೇಡವೇ ಬೇಡ, ಉಷ್ಣತೆ ಬದಲಾದರೆ ಅದರ ಕೆಪ್ಯಾಸಿಟೆನ್ಸ್ ಎಲ್ಲೆಲ್ಲಿಗೋ ಹೋಗುತ್ತದೆ. ಕೆಪ್ಯಾಸಿಟರನ್ನು ಎಡಿಸಿ ಪಿನ್ನಿಗೆ ತೀರಾ ಹತ್ತಿರ ಕೂರಿಸಿ, ಇನ್ನೊಂದು ಕಾಲನ್ನು ಅನಲಾಗ್ ಗ್ರೌಂಡಿಗೆ ಕೊಡಿ. ಸೆನ್ಸರಿನ ಪಕ್ಕ ಫಿಲ್ಟರ್ ಹಾಕಿ ಅಲ್ಲಿಂದ ಉದ್ದ ತಂತಿ ಎಳೆದರೆ, ತಂತಿ ದಾರಿಯಲ್ಲಿ ಹಿಡಿದುಕೊಂಡ 16 ಕಿಲೋಹರ್ಟ್ಜ್ ಫಿಲ್ಟರನ್ನು ನೋಡದೆಯೇ ಎಡಿಸಿಗೆ ಬರುತ್ತದೆ.

## ಸೆನ್ಸರ್ ಮಾಡ್ಯೂಲಿನಲ್ಲೇ ಕೆಪ್ಯಾಸಿಟರ್ ಇದೆಯಲ್ಲ, ಅದು ಸಾಲದಾ?

ಡೇಟಾಶೀಟ್ ನೋಡಬೇಕು. ಉದಾಹರಣೆಗೆ ADXL335 ಒಳಗೆ ಔಟ್‌ಪುಟ್‌ಗೆ ಸುಮಾರು 32 ಕಿಲೋಓಮ್ ರೆಸಿಸ್ಟರ್ ಇದೆ. ಹೊರಗೆ ಹಾಕುವ ಕೆಪ್ಯಾಸಿಟರ್ ಜೊತೆ ಸೇರಿ ಅದೇ ಆರ್‌ಸಿ ಫಿಲ್ಟರ್ ಆಗುತ್ತದೆ. 0.1 ಮೈಕ್ರೋಫ್ಯಾರಡ್ ಹಾಕಿದ್ದರೆ ಕಟಾಫ್ 50 ಹರ್ಟ್ಜ್, ಅಂದರೆ ನಮಗೆ ಬೇಕಾದ 100 ಹರ್ಟ್ಜ್ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ. 0.01 ಮೈಕ್ರೋಫ್ಯಾರಡ್ ಆದರೆ 500 ಹರ್ಟ್ಜ್, ನಮಗೆ ಸರಿ ಹೊಂದುತ್ತದೆ. ಆ ಒಳಗಿನ ರೆಸಿಸ್ಟರ್ 15 ಶೇಕಡ ಹೆಚ್ಚು ಕಮ್ಮಿ ಇರಬಹುದು, ಕಟಾಫ್ ಕೂಡ ಅಷ್ಟೇ ಅಲುಗಾಡುತ್ತದೆ.

32 ಕಿಲೋಓಮ್ ಇರುವ ಔಟ್‌ಪುಟ್‌ಗೆ ನಮ್ಮ 3.3 ಕಿಲೋಓಮ್, 100 ನ್ಯಾನೊ ನೇರವಾಗಿ ತಗುಲಿಸಬೇಡಿ. ಎರಡೂ ಸೇರಿ 45 ಹರ್ಟ್ಜ್ ಹತ್ತಿರದ ಫಿಲ್ಟರ್ ಆಗಿಬಿಡುತ್ತದೆ. ನಡುವೆ ಒಂದು ಆಪ್-ಆಂಪ್ ಬಫರ್ ಹಾಕಿ, ಆಮೇಲೆ ಆರ್‌ಸಿ.

## ಇಪ್ಪತ್ತು ಸ್ಯಾಂಪಲ್ ಸರಾಸರಿ ತೆಗೆದು 500 ಹರ್ಟ್ಜ್‌ಗೆ ಇಳಿಸುತ್ತೇನೆ. ಅಷ್ಟು ಸಾಕಲ್ವಾ?

ಸುಮ್ನೆ ಇಪ್ಪತ್ತಕ್ಕೊಂದು ಸ್ಯಾಂಪಲ್ ಹೆಕ್ಕುವುದಕ್ಕಿಂತ ಸಾವಿರ ಪಾಲು ವಾಸಿ. ಹಾಗೆ ಹೆಕ್ಕಿದರೆ ನೀವು 500 ಹರ್ಟ್ಜ್‌ನಲ್ಲೇ ಅಳೆದ ಹಾಗೆ ಆಯಿತು. ನಲವತ್ತಕ್ಕೊಂದು ಹೆಕ್ಕಿದರೆ ಮತ್ತೆ 250, ಮತ್ತೆ ಅದೇ 9.5 ಹರ್ಟ್ಜ್. ದರ ಇಳಿಸುವುದೂ ಸ್ಯಾಂಪ್ಲಿಂಗೇ. ಅದಕ್ಕೂ ಮುಂಚೆ ಫಿಲ್ಟರ್ ಬೇಕು.

ಸರಾಸರಿಯೂ ಒಂದು ಫಿಲ್ಟರ್, ಆದರೆ ಸೋರುವ ಫಿಲ್ಟರ್. 500, 1000, 1500 ಹರ್ಟ್ಜ್‌ಗಳನ್ನು ಪೂರ್ತಿ ಅಳಿಸುತ್ತದೆ. ಅವುಗಳ ನಡುವೆ ಅಷ್ಟು ಚೆನ್ನಾಗಿಲ್ಲ. 400 ಹರ್ಟ್ಜ್‌ನಲ್ಲಿ ಏನಾದರೂ ಇದ್ದರೆ ಅದರ ಸುಮಾರು ನಾಲ್ಕನೇ ಒಂದು ಭಾಗ ಉಳಿದು 100 ಹರ್ಟ್ಜ್ ಮೇಲೆ ಬಂದು ಬೀಳುತ್ತದೆ. ಬೇಕಾದ 100 ಹರ್ಟ್ಜ್ ಕೂಡ 6 ಶೇಕಡ ಕಮ್ಮಿಯಾಗುತ್ತದೆ. ಉಷ್ಣತೆಯಂಥ ನಿಧಾನದ ಅಳತೆಗೆ ಸರಾಸರಿ ಧಾರಾಳ ಸಾಕು. ಕಂಪನಕ್ಕೆ ಸಾಲದು.

ಕಂಪನಕ್ಕೆ ಎಫ್‌ಐಆರ್ ಅನ್ನುವ ಡಿಜಿಟಲ್ ಫಿಲ್ಟರ್ ಹಾಕಿ. 100 ಹರ್ಟ್ಜ್‌ವರೆಗೆ ಬಿಡಬೇಕು, 400ರಿಂದ ಮೇಲೆ ತಡೆಯಬೇಕು. 400 ಯಾಕೆ ಅಂದರೆ 500ರ ದರದಲ್ಲಿ 100ಕ್ಕೆ ಮಡಚಿಕೊಳ್ಳುವುದು ಅದೇ. 60 ಡೆಸಿಬೆಲ್ ತಡೆಗೆ ಸುಮಾರು 90 ಟ್ಯಾಪ್ ಬೇಕಾಗುತ್ತದೆ, ಒಂದು ಟ್ಯಾಪಿಗೆ ಒಂದು ಗುಣಾಕಾರ. ಲೆಕ್ಕವನ್ನು ಔಟ್‌ಪುಟ್‌ಗೆ ಬೇಕಾದ ಸ್ಯಾಂಪಲ್ಲಿಗೆ ಮಾತ್ರ ಮಾಡಿದರೆ ಸೆಕೆಂಡಿಗೆ 45,000 ಗುಣಾಕಾರ. ಗೇರಿನ 40 ಮಿಲಿವೋಲ್ಟ್ ಇದರಿಂದ ಸಾವಿರ ಪಟ್ಟು ಕುಗ್ಗುತ್ತದೆ. ಹೀಗೆ ಮಾಡಿದಾಗ ಔಟ್‌ಪುಟ್‌ನ 0ರಿಂದ 100 ಹರ್ಟ್ಜ್ ಮಾತ್ರ ನಂಬಿ. 100ರಿಂದ 250ರ ನಡುವೆ ಮಡಚಿಕೊಂಡ ವಸ್ತು ಇರಬಹುದು, ಅಲ್ಲಿ ಕಂಡದ್ದನ್ನು ಓದಬೇಡಿ.

## ಎರಡು ಆರ್‌ಸಿ ಒಂದರ ಹಿಂದೆ ಒಂದು ಹಾಕಬಹುದಾ?

ಹಾಕಬಹುದು. ದೂರದಲ್ಲಿ ಇಳಿಜಾರು ಎರಡರಷ್ಟು ಕಡಿದಾಗುತ್ತದೆ. ಕಟಾಫಿನ ಹತ್ತಿರ ಮಾತ್ರ ಅದು ಮೆತ್ತಗೆ ಬಾಗುತ್ತದೆ, ಎರಡನೆಯದು ಮೊದಲನೆಯದನ್ನು ಎಳೆಯುವುದರಿಂದ ಬೇಕಾದ ಆವರ್ತನಗಳಲ್ಲೂ ನಷ್ಟ ಜಾಸ್ತಿಯಾಗುತ್ತದೆ. ಎರಡನೆಯದರ ರೆಸಿಸ್ಟರ್ ಹತ್ತು ಪಟ್ಟು ದೊಡ್ಡದಿಟ್ಟು ಕೆಪ್ಯಾಸಿಟರ್ ಹತ್ತು ಪಟ್ಟು ಚಿಕ್ಕದಿಟ್ಟರೆ ಎಳೆತ ಕಮ್ಮಿ. ಆದರೆ ಆಗ ಎಡಿಸಿಯ ಗುಟುಕಿನ ಸಮಸ್ಯೆ ತಿರುಗಿ ಬರುತ್ತದೆ. ಬೋರ್ಡಿನಲ್ಲಿ ಹೇಗೂ ಆಪ್-ಆಂಪ್ ಇದ್ದರೆ ಅದರಿಂದ ಸ್ಯಾಲನ್-ಕೀ ಮಾದರಿಯ ಎರಡನೇ ದರ್ಜೆ ಫಿಲ್ಟರ್ ಮಾಡಿಕೊಳ್ಳುವುದೇ ಚೆಂದ.

## ಸಿಗ್ಮಾ-ಡೆಲ್ಟಾ ಎಡಿಸಿ ಇದ್ದರೆ ಇದೆಲ್ಲ ಬೇಕಾ?

ಕಮ್ಮಿ ಬೇಕು, ಪೂರ್ತಿ ಬೇಡ ಅಂತಲ್ಲ. ಅದು ಒಳಗೆ ಬಹಳ ವೇಗದಲ್ಲಿ ಸ್ಯಾಂಪಲ್ ಮಾಡಿ, ತಾನೇ ಡಿಜಿಟಲ್ ಫಿಲ್ಟರ್ ಹಾಕಿ, ದರ ಇಳಿಸಿ ಕೊಡುತ್ತದೆ. ಆದರೆ ಆ ಒಳಗಿನ ದರದ ಹತ್ತಿರ ಬರುವ ಸದ್ದನ್ನು ಅದರ ಫಿಲ್ಟರ್ ತಡೆಯಲಾರದು. ಒಂದು ಆರ್‌ಸಿ ಅಲ್ಲಿಗೆ ಧಾರಾಳ ಸಾಕು.

## ಲೂಪಿನಲ್ಲಿ ಓದಿ, ಸ್ವಲ್ಪ ಕಾದು, ಮತ್ತೆ ಓದುತ್ತೇನೆ. ತೊಂದರೆ ಇದೆಯಾ?

ಇದೆ. ಹಾಗೆ ಮಾಡಿದಾಗ ನಿಮ್ಮ ದರ ಎಷ್ಟು ಅಂತ ನಿಮಗೇ ಗೊತ್ತಿರುವುದಿಲ್ಲ. ಓದಲು ಹಿಡಿದ ಸಮಯ, ಸೀರಿಯಲ್‌ಗೆ ಬರೆಯಲು ಹಿಡಿದ ಸಮಯ ಎಲ್ಲ ಕಾಯುವಿಕೆಯ ಜೊತೆ ಸೇರುತ್ತದೆ. ದರ ತಪ್ಪಾದರೆ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಹಾರ್ಡ್‌ವೇರ್ ಟೈಮರಿನಿಂದ ಎಡಿಸಿಯನ್ನು ಶುರು ಮಾಡಿಸಿ.

## ಫಿಲ್ಟರ್ ಸರಿಯಾಗಿ ಕೂತಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಬೇಕೆಂದೇ ಅಲಿಯಾಸ್ ಮಾಡಿಸಿ ಅಳೆಯಿರಿ. ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಸಿಗ್ನಲ್ ಜನರೇಟರ್ ಜೋಡಿಸಿ. 1.65 ವೋಲ್ಟ್ ಮೇಲೆ ಕೂತ, 1 ವೋಲ್ಟ್ ಎತ್ತರದ ಸೈನ್ ಅಲೆ ಕೊಡಿ.

ಮೊದಲು 30 ಹರ್ಟ್ಜ್ ಹಾಕಿ. ಗ್ರಾಫಿನಲ್ಲಿ 30ರಲ್ಲಿ ಹತ್ತಿರ ಹತ್ತಿರ 1 ವೋಲ್ಟ್ ಬರಬೇಕು. ಈಗ ಜನರೇಟರನ್ನು 9970 ಹರ್ಟ್ಜ್‌ಗೆ ತಿರುಗಿಸಿ. ದರ 10 ಕಿಲೋಹರ್ಟ್ಜ್ ಆಗಿರುವುದರಿಂದ ಇದೂ 30 ಹರ್ಟ್ಜ್ ಹತ್ತಿರವೇ ಕಾಣುತ್ತದೆ. ಎರಡು ಕ್ಲಾಕ್‌ಗಳ ವ್ಯತ್ಯಾಸದಿಂದ ಒಂದೆರಡು ಹರ್ಟ್ಜ್ ಆಚೀಚೆ ಇರಬಹುದು. ಡಿಜಿಟಲ್ ಫಿಲ್ಟರ್ ಇದನ್ನು ಮುಟ್ಟಲಾರದು, ಹಾಗಾಗಿ ಇಲ್ಲಿ ಕಾಣುವುದು ಬರೀ ಆರ್‌ಸಿಯ ಕೆಲಸ. 482 ಹರ್ಟ್ಜ್ ಕಟಾಫ್ ಇದ್ದರೆ 48 ಮಿಲಿವೋಲ್ಟ್ ಬರಬೇಕು. ಕೆಪ್ಯಾಸಿಟರಿನ 10 ಶೇಕಡ ವ್ಯತ್ಯಾಸ ಸೇರಿಸಿ 43ರಿಂದ 54ರವರೆಗೆ ಏನು ಬಂದರೂ ಸರಿ.

ಇನ್ನೂ 1 ವೋಲ್ಟ್ ಹತ್ತಿರವೇ ಬರುತ್ತಿದ್ದರೆ ಕೆಪ್ಯಾಸಿಟರ್ ಸರ್ಕ್ಯೂಟಿನಲ್ಲಿ ಇಲ್ಲ, ಬೆಸುಗೆ ನೋಡಿ. 435 ಮಿಲಿವೋಲ್ಟ್ ಹತ್ತಿರ ಬಂದರೆ 100 ನ್ಯಾನೊ ಇರಬೇಕಾದಲ್ಲಿ 10 ನ್ಯಾನೊ ಕೂತಿದೆ. 30 ಹರ್ಟ್ಜ್‌ನಲ್ಲೇ ಸಿಗ್ನಲ್ 1 ವೋಲ್ಟಿನ ಬದಲು 850 ಮಿಲಿವೋಲ್ಟ್ ಹತ್ತಿರ ಇದ್ದರೆ ಆರ್ ಅಥವಾ ಸಿ ಹತ್ತು ಪಟ್ಟು ದೊಡ್ಡದಾಗಿದೆ.